ಖಜಾಂಚಿಯ ಬಜೆಟ್ ಭಾಷಣ: ಬರುವ ಬಡ್ಡಿ, ಕೊಡುವ ಬಡ್ಡಿ

ಸಂಘಕ್ಕೆ ಈ ವರ್ಷ ಎಲ್ಲಿಂದ ಎಷ್ಟು ಹಣ ಬಂದೀತು, ಯಾವ ಬಾಬ್ತಿಗೆ ಎಷ್ಟು ಖರ್ಚಾದೀತು ಎಂಬ ಲೆಕ್ಕವನ್ನು ಸದಸ್ಯರ ಮುಂದಿಟ್ಟು ಒಪ್ಪಿಗೆ ಪಡೆಯುವುದೇ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ನಡೆಯುವ ಆಯವ್ಯಯ ಮಂಡನೆ. ಕಾಗದದ ಮೇಲೆ ಇದರ ಹೆಸರು ‘ಅಂದಾಜು ಆಯವ್ಯಯ ಪತ್ರಿಕೆ’. ಸಭೆಯಲ್ಲಿ ಎಲ್ಲರೂ ಬಜೆಟ್ ಎಂದೇ ಕರೆಯುತ್ತಾರೆ. ಇದನ್ನು ಯಾರು ಓದಬೇಕೆಂಬುದು ಆಯಾ ಸಂಘದ ಬೈಲಾದ ಮೇಲೆ ಹೋಗುತ್ತದೆ. ದೊಡ್ಡ ಪತ್ತಿನ ಸಂಘಗಳಲ್ಲಿ ಸಂಬಳಕ್ಕಿರುವ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಓದುವುದುಂಟು. ಖಜಾಂಚಿ ಹುದ್ದೆ ಇರುವ ನೌಕರರ ಸಂಘ, ಗೃಹ ನಿರ್ಮಾಣ ಸಂಘ, ಪಟ್ಟಣದ ಚಿಕ್ಕ ಪತ್ತಿನ ಸಂಘಗಳಲ್ಲಿ ಆ ಕೆಲಸ ಖಜಾಂಚಿಯದು. ಖಜಾಂಚಿ ಸಾಮಾನ್ಯವಾಗಿ ಸದಸ್ಯರ ನಡುವಿನಿಂದಲೇ ಆಯ್ಕೆಯಾಗಿ ಬಂದ ನಿರ್ದೇಶಕ. ಆದ್ದರಿಂದ ಆತ ಒಪ್ಪಿಸುತ್ತಿರುವ ಲೆಕ್ಕ ತನ್ನನ್ನು ಆರಿಸಿದವರ ಹಣದ ಲೆಕ್ಕವೇ ಆಗಿರುತ್ತದೆ.

ಕರ್ನಾಟಕದ ಸಂಘಗಳಲ್ಲಿ ಈ ಭಾಷಣ ಬಹುಮಟ್ಟಿಗೆ ಸೆಪ್ಟೆಂಬರ್ ತಿಂಗಳಿನಲ್ಲಿ ನಡೆಯುತ್ತದೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಾದ ಆರು ತಿಂಗಳೊಳಗೆ ಮಹಾಸಭೆ ಕರೆಯಬೇಕು. ಸಭೆಗೆ ಮೊದಲು ಲೆಕ್ಕಪರಿಶೋಧನೆ ಮುಗಿದು ವರದಿ ಪುಸ್ತಕ ಅಚ್ಚಾಗಬೇಕು. ಹೀಗಾಗಿ ಏಪ್ರಿಲ್‌ನಲ್ಲಿ ಶುರುವಾದ ವರ್ಷದ ಬಜೆಟ್ ಸದಸ್ಯರ ಕೈಗೆ ಬರುವ ಹೊತ್ತಿಗೆ ಆ ವರ್ಷದ ಐದು ತಿಂಗಳು ಕಳೆದೇಹೋಗಿರುತ್ತವೆ. ಅಷ್ಟು ದಿನ ಸಂಬಳ, ಬಾಡಿಗೆಗಳನ್ನು ಆಡಳಿತ ಮಂಡಳಿ ತನ್ನ ಸಭೆಯ ಠರಾವಿನ ಮೇಲೆ ಖರ್ಚು ಹಾಕಿರುತ್ತದೆ. ಕೆಲವು ಸಂಘಗಳು ಇದನ್ನು ತಪ್ಪಿಸಲು ಮುಂದಿನ ವರ್ಷದ ಬಜೆಟ್‌ಗೂ ಈ ವರ್ಷದ ಸಭೆಯಲ್ಲೇ ಮಂಜೂರಾತಿ ಪಡೆದಿಟ್ಟುಕೊಳ್ಳುತ್ತವೆ. ಅರ್ಧ ವರ್ಷ ಕಳೆದ ಮೇಲೆ ಬಜೆಟ್ ಬರುವುದು ದೋಷವೇ ಸರಿ. ಆದರೆ ಗಮನವಿಟ್ಟು ಕೇಳುವ ಸದಸ್ಯನಿಗೆ ಅದರಿಂದ ಒಂದು ಅನುಕೂಲವೂ ಇದೆ: ಖಜಾಂಚಿಯ ಅಂದಾಜು ಸರಿಯೇ ಎಂದು ಒರೆಹಚ್ಚಿ ನೋಡಲು ಐದು ತಿಂಗಳ ನಿಜವಾದ ಅಂಕಿ ಸಂಘದ ಪುಸ್ತಕದಲ್ಲಿ ಸಿದ್ಧವಾಗಿರುತ್ತದೆ.

ಸಭೆಯ ಕಾರ್ಯಕಲಾಪಗಳ ಪಟ್ಟಿಯಲ್ಲಿ ಬಜೆಟ್ ಬರುವುದು ತಡವಾಗಿ. ಪ್ರಾರ್ಥನೆ, ಸ್ವಾಗತ, ವರ್ಷದಲ್ಲಿ ತೀರಿಕೊಂಡ ಸದಸ್ಯರಿಗೆ ಶ್ರದ್ಧಾಂಜಲಿ, ಸಭಾ ತಿಳಿವಳಿಕೆ ಪತ್ರ, ಹಿಂದಿನ ಸಭೆಯ ನಡಾವಳಿ, ಆಡಳಿತ ಮಂಡಳಿಯ ವರದಿ, ಜಮಾ-ಖರ್ಚು, ಲಾಭ-ನಷ್ಟ ತಖ್ತೆ, ಅಢಾವೆ ಪತ್ರಿಕೆ, ಲೆಕ್ಕಪರಿಶೋಧಕರ ಆಕ್ಷೇಪಣೆಗಳಿಗೆ ಅನುಪಾಲನಾ ವರದಿ, ನಿವ್ವಳ ಲಾಭದ ವಿಲೇವಾರಿ, ಇವೆಲ್ಲ ಮುಗಿದ ಮೇಲೆ ಖಜಾಂಚಿಯ ಸರದಿ. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಲಾಭಾಂಶ ಎಷ್ಟೆಂದು ಗೊತ್ತಾದ ಮೇಲೆ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಆದ್ದರಿಂದಲೇ ಖಜಾಂಚಿಯ ಮಾತು ಹೆಚ್ಚೆಂದರೆ ಹದಿನೈದು ನಿಮಿಷದಲ್ಲಿ ಮುಗಿಯಬೇಕು, ಆ ಹದಿನೈದು ನಿಮಿಷದಲ್ಲಿ ಹೇಳಲೇಬೇಕಾದ್ದು ಯಾವುದೆಂದು ಆತ ಮೊದಲೇ ಆರಿಸಿಕೊಂಡಿರಬೇಕು.

ಆರಿಸಿಕೊಳ್ಳಬೇಕಾದ್ದು ಯಾವುದು? ವರದಿ ಪುಸ್ತಕದ ಆಯವ್ಯಯ ಪತ್ರಿಕೆಯಲ್ಲಿ ಎರಡು ಪುಟದ ತುಂಬ ಬಾಬ್ತುಗಳಿರುತ್ತವೆ: ಅಂಚೆ ಮತ್ತು ದೂರವಾಣಿ, ಮುದ್ರಣ ಮತ್ತು ಲೇಖನ ಸಾಮಗ್ರಿ, ವಿದ್ಯುತ್, ಪ್ರಯಾಣ ಭತ್ಯೆ, ಸಭಾ ಶುಲ್ಕ, ಜಾಹೀರಾತು, ದುರಸ್ತಿ. ಇವನ್ನೆಲ್ಲ ಒಂದೊಂದಾಗಿ ಓದುವ ಖಜಾಂಚಿ ಸದಸ್ಯರಿಗೆ ಏನನ್ನೂ ತಿಳಿಸಿದಂತಾಗುವುದಿಲ್ಲ. ಪತ್ತಿನ ಸಂಘದ ಅಳಿವು ಉಳಿವು ನಿಂತಿರುವುದು ಮೂರೇ ಅಂಕಿಗಳ ಮೇಲೆ. ಕೊಟ್ಟ ಸಾಲದಿಂದ ಬರುವ ಬಡ್ಡಿ ಮೊದಲನೆಯದು, ಪಡೆದ ಠೇವಣಿಗೆ ಕೊಡುವ ಬಡ್ಡಿ ಎರಡನೆಯದು, ವಸೂಲಾಗದ ಸಾಲಕ್ಕಾಗಿ ತೆಗೆದಿಡುವ ಅನುವು ಮೂರನೆಯದು. ಉಳಿದವುಗಳಲ್ಲಿ ಸಂಬಳವೊಂದು ದೊಡ್ಡದು, ಅದರ ಅಂದಾಜು ತಪ್ಪುವುದು ಅಪರೂಪ.

ಈ ಮೂರು ಅಂಕಿಗಳು ಕೂಡಿ ಕಳೆಯುವ ಬಗೆಯನ್ನು ನೋಡಲು ತಾಲ್ಲೂಕು ಪಟ್ಟಣದ ಒಂದು ಸಾಧಾರಣ ಪತ್ತಿನ ಸಂಘವನ್ನು ಕಲ್ಪಿಸಿಕೊಳ್ಳಬಹುದು. ಸದಸ್ಯರ ಷೇರು ಬಂಡವಾಳ 60 ಲಕ್ಷ, ವರ್ಷಗಳಿಂದ ಕೂಡಿಟ್ಟ ನಿಧಿಗಳು 60 ಲಕ್ಷ, ಠೇವಣಿ 8 ಕೋಟಿ ರೂಪಾಯಿ. ಇದರಲ್ಲಿ 7 ಕೋಟಿ ಸಾಲವಾಗಿ ಹೊರಗಿದೆ, 2 ಕೋಟಿ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಲ್ಲಿದೆ, ಮಿಕ್ಕ 20 ಲಕ್ಷ ನಗದು, ಪೀಠೋಪಕರಣ ಮುಂತಾದವುಗಳಲ್ಲಿದೆ. ಸಾಲಕ್ಕೆ ಸರಾಸರಿ ನೂರಕ್ಕೆ 12.5ರಂತೆ ಬಡ್ಡಿ ಬರಬೇಕು, ಠೇವಣಿಗೆ 7.5ರಂತೆ ಕೊಡಬೇಕು.

ಹೋದ ವರ್ಷದ ಮಹಾಸಭೆಯಲ್ಲಿ ಈ ಸಂಘದ ಖಜಾಂಚಿ ಸಾಲದ ಬಡ್ಡಿಯಿಂದ 90 ಲಕ್ಷ ಬರುತ್ತದೆಂದು ಹೇಳಿದ್ದರೆನ್ನೋಣ. ಬಂದದ್ದು 80 ಲಕ್ಷ. ಬ್ಯಾಂಕಿನ ಠೇವಣಿಯಿಂದ 14 ಲಕ್ಷ, ಇತರೆ ಬಾಬ್ತುಗಳಿಂದ 4 ಲಕ್ಷ ಸೇರಿ ಒಟ್ಟು ಆದಾಯ 98 ಲಕ್ಷ. ಖರ್ಚಿನ ಕಡೆ ಠೇವಣಿಯ ಬಡ್ಡಿ 60 ಲಕ್ಷ, ಸಂಬಳ 18 ಲಕ್ಷ, ಕಚೇರಿ ಖರ್ಚು 6 ಲಕ್ಷ, ವಸೂಲಾಗದ ಸಾಲದ ಅನುವು 4 ಲಕ್ಷ, ಒಟ್ಟು 88 ಲಕ್ಷ. ನಿವ್ವಳ ಲಾಭ 10 ಲಕ್ಷ. ಆದಾಯವೆಲ್ಲ ಸುಮಾರು ಒಂದು ಕೋಟಿ, ಕೊನೆಗೆ ಉಳಿದದ್ದು ಅದರ ಹತ್ತರಲ್ಲೊಂದು ಪಾಲು. ಅಂದಾಜಿನಲ್ಲಿ ಚಿಕ್ಕ ತಪ್ಪಾದರೂ ಲಾಭವೇ ಕೊಚ್ಚಿಹೋಗುವುದು ಇದಕ್ಕೇ.

ಒಳ್ಳೆಯ ಭಾಷಣ ಶುರುವಾಗುವುದು ಈ ವರ್ಷದ ಆಸೆಗಳಿಂದಲ್ಲ, ಹೋದ ವರ್ಷ ತಪ್ಪಿದ ಅಂಕಿಯಿಂದ. ಆಯವ್ಯಯ ಪತ್ರಿಕೆಯಲ್ಲಿ ಪ್ರತಿ ಬಾಬ್ತಿಗೂ ಮೂರು ಕಲಂ ಇರಬೇಕು: ಹೋದ ವರ್ಷ ಅಂದಾಜು ಮಾಡಿದ್ದು, ಹೋದ ವರ್ಷ ನಿಜವಾಗಿ ಆದದ್ದು, ಈ ವರ್ಷದ ಅಂದಾಜು. ಮೊದಲೆರಡು ಕಲಂ ಬಿಟ್ಟು ಮೂರನೆಯದನ್ನಷ್ಟೇ ಅಚ್ಚು ಹಾಕಿಸಿದ ಸಂಘದಲ್ಲಿ ಸದಸ್ಯರಿಗೆ ತಾಳೆ ನೋಡುವ ದಾರಿಯೇ ಇರುವುದಿಲ್ಲ. ಮೂರೂ ಇದ್ದರೆ ಖಜಾಂಚಿ ಹೀಗೆ ಹೇಳಬಹುದು:

“ಮಾನ್ಯ ಅಧ್ಯಕ್ಷರೇ, ಆಡಳಿತ ಮಂಡಳಿಯ ನಿರ್ದೇಶಕರೇ, ಸದಸ್ಯ ಬಂಧುಗಳೇ. ವರದಿ ಪುಸ್ತಕದ ಆಯವ್ಯಯದ ಪುಟ ತೆಗೆಯಬೇಕಾಗಿ ಕೋರುತ್ತೇನೆ. ಸಾಲದ ಬಡ್ಡಿ ಎಂಬ ಮೊದಲ ಸಾಲು ನೋಡಿ. 90 ಲಕ್ಷ ಬರುತ್ತದೆಂದು ಹೋದ ವರ್ಷ ನಿಮಗೆ ಹೇಳಿದ್ದೆವು, 80 ಲಕ್ಷ ಬಂದಿದೆ. ಅಂದುಕೊಂಡಷ್ಟು ಸಾಲ ಹೊರಗೆ ಹೋಗದ ಕಾರಣ ಎರಡೂವರೆ ಲಕ್ಷ ಕಡಿಮೆಯಾಯಿತು. ಉಳಿದ ಏಳೂವರೆ ಲಕ್ಷ ಬರಬೇಕಾಗಿದ್ದೂ ಬರಲಿಲ್ಲ, ಅದು ಸುಸ್ತಿ. ಈ ವರ್ಷದ ಅಂದಾಜನ್ನು ಈ ಅನುಭವದ ಮೇಲೆ ಹಾಕಿದ್ದೇವೆ.”

ಇಷ್ಟು ಹೇಳಲು ಒಂದು ನಿಮಿಷ ಸಾಕು. ಕೊರತೆಯ ಎರಡು ಕಾರಣಗಳನ್ನು ಬೇರೆಬೇರೆ ಮಾಡಿ ಹೇಳಿರುವುದೇ ಇಲ್ಲಿ ಮುಖ್ಯ. ಸಾಲ ಕಡಿಮೆ ಹೋದದ್ದು ವ್ಯವಹಾರದ ಏರುಪೇರು. ಆ ಹಣ ಬ್ಯಾಂಕಿನಲ್ಲಾದರೂ ಇರುತ್ತದೆ. ಸುಸ್ತಿಯ ಬಡ್ಡಿ ಹಾಗಲ್ಲ, ಅದರ ಹಿಂದೆ ಅಸಲಿಗೂ ಅಪಾಯವಿದೆ. ‘ನಿರೀಕ್ಷಿತ ಮಟ್ಟ ತಲುಪಲಾಗಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಮುಚ್ಚುವ ಭಾಷಣಗಳೇ ಹೆಚ್ಚು.

ಈಗ ಈ ವರ್ಷದ ಅಂದಾಜಿಗೆ ಬರೋಣ. ಹೊರಗಿನ ಸಾಲ ಮಾರ್ಚ್ ವೇಳೆಗೆ 7 ಕೋಟಿಯಿಂದ 8 ಕೋಟಿಗೆ, ಠೇವಣಿ 8ರಿಂದ 9 ಕೋಟಿಗೆ ಏರಬಹುದೆಂದು ಆಡಳಿತ ಮಂಡಳಿ ನಂಬಿದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಬಹಳ ಸುಲಭದ್ದು. 8 ಕೋಟಿಗೆ ಹನ್ನೆರಡೂವರೆ ಟಕ್ಕೆ ಎಂದರೆ ಒಂದು ಕೋಟಿ, ಬರೆದುಬಿಡಿ ಎನ್ನುತ್ತಾರೆ. ಆದರೆ 8 ಕೋಟಿ ಎಂಬುದು ವರ್ಷದ ಕೊನೆಯ ದಿನದ ಬಾಕಿ. ವರ್ಷವಿಡೀ ಅಷ್ಟು ಸಾಲ ಹೊರಗಿರುವುದಿಲ್ಲ, ನಿಧಾನವಾಗಿ ಏರುತ್ತದೆ. ಸರಾಸರಿ ಹಿಡಿದರೆ ಏಳೂವರೆ ಕೋಟಿ. ಅದಕ್ಕೆ ಬರಬೇಕಾದ ಬಡ್ಡಿ ಸುಮಾರು 94 ಲಕ್ಷ. ಅದೂ ಪೂರ್ತಿ ಕೈಗೆ ಬರುವುದಿಲ್ಲ. ಹೋದ ವರ್ಷ ಬರಬೇಕಾಗಿದ್ದ ಎಂಬತ್ತೇಳೂವರೆ ಲಕ್ಷದಲ್ಲಿ ಬಂದದ್ದು 80, ಅಂದರೆ ನೂರಕ್ಕೆ ತೊಂಬತ್ತೊಂದು. ಈ ವರ್ಷವೂ ವಸೂಲಿ ಅಷ್ಟೇ ಇದ್ದರೆ ಬರುವುದು 86 ಲಕ್ಷದ ಆಸುಪಾಸು. ಒಂದು ಕೋಟಿಗೂ 86 ಲಕ್ಷಕ್ಕೂ ನಡುವಿನ ಅಂತರ 14 ಲಕ್ಷ. ಸಂಘದ ಹೋದ ವರ್ಷದ ಇಡೀ ಲಾಭಕ್ಕಿಂತ ಅದು ಹೆಚ್ಚು.

ಖರ್ಚಿನ ಕಡೆ ಇಂಥ ಸಡಿಲಿಕೆ ಇಲ್ಲ. ಸಾಲಗಾರ ಬಡ್ಡಿ ಕಟ್ಟದೆ ಹೋದಾನು, ಸಂಘ ಠೇವಣಿದಾರನಿಗೆ ಬಡ್ಡಿ ಕೊಡದೆ ಇರಲಾಗದು. ಸರಾಸರಿ ಎಂಟೂವರೆ ಕೋಟಿ ಠೇವಣಿಗೆ 64 ಲಕ್ಷ ಬೇಕು. ಸಂಬಳಕ್ಕೆ 20 ಲಕ್ಷ, ಕಚೇರಿಗೆ ಆರೂವರೆ ಲಕ್ಷ, ಅನುವಿಗೆ 5 ಲಕ್ಷ ಸೇರಿಸಿದರೆ ತೊಂಬತ್ತೈದೂವರೆ ಲಕ್ಷ. ಆದಾಯದ ಕಡೆ ಬ್ಯಾಂಕಿನ 14 ಲಕ್ಷ, ಇತರೆ 4 ಲಕ್ಷ ಮೊದಲಿನಂತೆಯೇ ಇವೆಯೆನ್ನೋಣ. ಎಚ್ಚರದ ಲೆಕ್ಕದಲ್ಲಿ ಎಂಟೂವರೆ ಲಕ್ಷ ಉಳಿಯುತ್ತದೆ, ಉತ್ಸಾಹದ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಲಕ್ಷ.

ಎಂಟೂವರೆ ಲಕ್ಷ ಉಳಿದರೆ ಮುಂದಿನ ವರ್ಷ ಹಂಚುವುದಕ್ಕೆ ಏನಿದೆ? ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಂತೆ ನಿವ್ವಳ ಲಾಭದ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಕಾಯ್ದಿಟ್ಟ ನಿಧಿಗೆ ಹೋಗಬೇಕು. ಅದು ಸುಮಾರು ಎರಡು ಲಕ್ಷ ಹನ್ನೆರಡು ಸಾವಿರ. ಸಹಕಾರ ಶಿಕ್ಷಣ ನಿಧಿಗೂ ಒಂದು ಪಾಲು ಸಲ್ಲಬೇಕು. 60 ಲಕ್ಷ ಷೇರಿನ ಮೇಲೆ ನೂರಕ್ಕೆ ಹತ್ತರಂತೆ ಲಾಭಾಂಶ ಕೊಟ್ಟರೆ ಅದೇ 6 ಲಕ್ಷ. ಇಷ್ಟಕ್ಕೆ ಲಾಭವೆಲ್ಲ ಮುಗಿದು, ಕಟ್ಟಡ ನಿಧಿಗೂ ಸಿಬ್ಬಂದಿ ಬೋನಸಿಗೂ ಕೆಲವು ಸಾವಿರವಷ್ಟೇ ಮಿಕ್ಕುತ್ತದೆ. ಇದನ್ನು ವೇದಿಕೆಯ ಮೇಲೆ ನಿಂತು ಹೇಳುವುದು ಖಜಾಂಚಿಗೆ ಕಷ್ಟ. ಮುಂದಿನ ವರ್ಷ ಶೇಕಡಾ 15 ಲಾಭಾಂಶ ಎಂದು ಘೋಷಿಸಿದರೆ ಚಪ್ಪಾಳೆ ಬೀಳುತ್ತದೆ, ಅದಕ್ಕೆ ಒಂದು ಕೋಟಿಯ ಅಂದಾಜು ಬೇಕಾಗುತ್ತದೆ. ಚುನಾವಣೆ ಹತ್ತಿರವಿರುವ ವರ್ಷದಲ್ಲಿ ಈ ಸೆಳೆತ ಇನ್ನೂ ಜೋರು. ಲಾಭಾಂಶ ಕೊಡುವುದು ಲೆಕ್ಕಪರಿಶೋಧನೆಯಾದ ನಿಜವಾದ ಲಾಭದಿಂದಲೇ ಹೊರತು ಅಂದಾಜಿನಿಂದಲ್ಲ ಎಂಬುದನ್ನು ಸದಸ್ಯರು ಗಟ್ಟಿಯಾಗಿ ನೆನಪಿಡಬೇಕು. ಬಜೆಟ್ ಭಾಷಣದಲ್ಲಿ ಹೇಳಿದ ಲಾಭಾಂಶ ಸಂಘವನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ.

ಉಬ್ಬಿದ ಅಂದಾಜನ್ನು ಸಭೆಯಲ್ಲೇ ಗುರುತಿಸಲು ಒಂದು ಪ್ರಶ್ನೆ ಸಾಕು: “ಖಜಾಂಚಿಗಳೇ, ಆಗಸ್ಟ್ ಕೊನೆಯವರೆಗೆ ಸಾಲದ ಬಡ್ಡಿ ಎಷ್ಟು ಜಮಾ ಆಗಿದೆ?” ಮಾಸಿಕ ಕಂತಿನಲ್ಲಿ ಸಾಲ ಮರಳುವ ಪಟ್ಟಣದ ಸಂಘದಲ್ಲಿ ಬಡ್ಡಿ ಹೆಚ್ಚುಕಡಿಮೆ ತಿಂಗಳಿಗೆ ಸಮನಾಗಿ ಬರುತ್ತದೆ. ಐದು ತಿಂಗಳಲ್ಲಿ 35 ಲಕ್ಷ ಬಂದಿದೆ ಎಂಬ ಉತ್ತರ ಬಂದರೆ ತಿಂಗಳಿಗೆ 7 ಲಕ್ಷವಾಯಿತು. ಒಂದು ಕೋಟಿ ಮುಟ್ಟಲು ಉಳಿದ ಏಳು ತಿಂಗಳಲ್ಲಿ 65 ಲಕ್ಷ, ಅಂದರೆ ತಿಂಗಳಿಗೆ ಒಂಬತ್ತು ಲಕ್ಷಕ್ಕೂ ಮಿಕ್ಕಿ ಬರಬೇಕು. ಅದು ಎಲ್ಲಿಂದ ಬರುತ್ತದೆಂದು ಹೇಳುವ ಹೊಣೆ ಆಗ ಖಜಾಂಚಿಯದು. ಹಳ್ಳಿಯ ಕೃಷಿ ಪತ್ತಿನ ಸಂಘಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ಬೆಳೆ ಕೈಗೆ ಬಂದ ಮೇಲೆ, ಬಹುಪಾಲು ಮಾರ್ಚ್‌ಗೆ ಮುಂಚೆ ವಸೂಲಿ ನಡೆಯುವುದರಿಂದ ಹಿಂದಿನ ವರ್ಷದ ಆಗಸ್ಟ್ ಅಂಕಿಯೊಡನೆ ಹೋಲಿಸಿ ನೋಡಬೇಕಾಗುತ್ತದೆ.

ಮೂರನೆಯ ಅಂಕಿ, ಅನುವು, ಸದಸ್ಯರಿಗೆ ಸುಲಭವಾಗಿ ಅರ್ಥವಾಗದಂಥದ್ದು. ಕೈಬಿಟ್ಟು ಹೋಗುವಂತೆ ಕಾಣುವ ಸಾಲಕ್ಕಾಗಿ ಈ ವರ್ಷದ ಆದಾಯದಲ್ಲೇ ಒಂದಿಷ್ಟು ತೆಗೆದಿಡುವುದು ಅನುವು. ಹಣ ಹೊರಗೆ ಹೋಗುವುದಿಲ್ಲ, ಆದರೂ ಖರ್ಚಿನ ಸಾಲಿನಲ್ಲಿ ಬರುತ್ತದೆ, ಲಾಭ ಅಷ್ಟು ಕಡಿಮೆಯಾಗುತ್ತದೆ. ಬಜೆಟ್ ಚೆಂದ ಕಾಣಿಸಬೇಕೆಂದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ, ಏಕೆಂದರೆ ಇದನ್ನು ಇಳಿಸಿದರೆ ಅಂದಿಗೆ ಯಾರಿಗೂ ನೋವಾಗುವುದಿಲ್ಲ. ಸುಸ್ತಿ ಏರುತ್ತಿದ್ದು ಅನುವು ಇಳಿಯುತ್ತಿದ್ದರೆ ಅದು ಸಂಘ ಕಾಯಿಲೆ ಬಿದ್ದಿರುವ ಲಕ್ಷಣ. ಇನ್ನೊಂದು ಗುರುತು ಅಢಾವೆ ಪತ್ರಿಕೆಯಲ್ಲಿದೆ: ಆಸ್ತಿಯ ಕಡೆ ‘ಬರಬೇಕಾದ ಬಡ್ಡಿ’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದ್ದರೆ, ಕೈಗೆ ಬಾರದ ಬಡ್ಡಿಯನ್ನೂ ಆದಾಯವೆಂದು ಬರೆದುಕೊಳ್ಳಲಾಗುತ್ತಿದೆ ಎಂದರ್ಥ. ಅಂಥ ಲಾಭದ ಮೇಲೆ ಕೊಡುವ ಲಾಭಾಂಶ ವಾಸ್ತವದಲ್ಲಿ ಠೇವಣಿದಾರರ ಹಣದಿಂದ ಹೋಗುತ್ತದೆ.

ಇದು ಇಷ್ಟು ಗಂಭೀರವಾಗಲು ಕಾರಣವಿದೆ. ಸಹಕಾರಿ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ರಕ್ಷಣೆ ಇಲ್ಲ. ಅಲ್ಲಿ ಠೇವಣಿಯ ಹಿಂದೆ ನಿಂತಿರುವುದು ವಸೂಲಾಗುವ ಸಾಲ, ಕಾಯ್ದಿಟ್ಟ ನಿಧಿ ಮತ್ತು ಅನುವು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿದಾಗ ಜಾರಿಯಲ್ಲಿದ್ದದ್ದು 1904ರ ಕಾಯ್ದೆ. ಅದರಂತೆ ಹಳ್ಳಿಯ ಪತ್ತಿನ ಸಂಘಗಳ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಸ್ವಂತ ಆಸ್ತಿಗೂ ಕುತ್ತು ಬರುವಂತಿತ್ತು. ಲೆಕ್ಕ ಕೇಳದೆ ಇರುವುದು ಆಗ ಯಾರಿಗೂ ಸಾಧ್ಯವಿರಲಿಲ್ಲ. ಇಂದು ಹೊಣೆ ಷೇರಿನ ಮೊತ್ತಕ್ಕೆ ಸೀಮಿತವಾಗಿರುವುದರಿಂದ ಆ ಭಯ ಹೋಗಿದೆ. ಆದರೆ ಸದಸ್ಯರೇ ಠೇವಣಿದಾರರೂ ಆಗಿರುವಾಗ ನಷ್ಟ ಬರುವ ದಾರಿ ಬೇರೆಯಾಯಿತೇ ಹೊರತು ಮುಚ್ಚಿಹೋಗಲಿಲ್ಲ.

ಭಾಷಣದ ಕೊನೆಯ ಭಾಗದಲ್ಲಿ ಬಂಡವಾಳ ವೆಚ್ಚ ಬರುತ್ತದೆ: ನಿವೇಶನ, ಕಟ್ಟಡ, ಕಂಪ್ಯೂಟರ್, ಭದ್ರತಾ ಕಪಾಟು. ಇವುಗಳನ್ನು ವರ್ಷದ ಖರ್ಚಿನೊಡನೆ ಬೆರೆಸದೆ ಬೇರೆಯಾಗಿ ತೋರಿಸಬೇಕು. ನಿವೇಶನಕ್ಕೆ 40 ಲಕ್ಷ ಎಂದರೆ ಲಾಭ-ನಷ್ಟದಲ್ಲಿ ಅದು ಕಾಣುವುದೇ ಇಲ್ಲ, ಲಾಭ ಹಾಗೇ ಇರುತ್ತದೆ, ಕೈಯಲ್ಲಿದ್ದ ಹಣ ಮಾತ್ರ ಹೋಗಿರುತ್ತದೆ. ಕಟ್ಟಡ ನಿಧಿಯಲ್ಲಿ ಅಷ್ಟಿಲ್ಲದಿದ್ದರೆ ಉಳಿದದ್ದು ಠೇವಣಿಯ ಹಣದಿಂದಲೇ ಬರಬೇಕು. ಆ ಹಣಕ್ಕೆ ಏಳೂವರೆ ಟಕ್ಕೆ ಬಡ್ಡಿ ಕೊಡುತ್ತಲೇ ಇರಬೇಕು, ನಿವೇಶನ ಬಡ್ಡಿ ತರುವುದಿಲ್ಲ. ‘ಸ್ವಂತ ಕಟ್ಟಡ’ ಎಂಬ ಮಾತು ಸಭೆಯಲ್ಲಿ ಹೆಮ್ಮೆ ತರುತ್ತದೆ, ಸಹಜವೇ. ಹಣದ ಮೂಲ ಯಾವುದೆಂದು ಖಜಾಂಚಿ ಅದೇ ಉಸಿರಿನಲ್ಲಿ ಹೇಳಬೇಕು.

ಬಜೆಟ್‌ಗೆ ಅಂಟಿಕೊಂಡಂತೆ ಕಾರ್ಯಸೂಚಿಯಲ್ಲಿ ಇನ್ನೊಂದು ವಿಷಯ ಇರುತ್ತದೆ: ಹೋದ ವರ್ಷ ಬಜೆಟ್‌ಗಿಂತ ಹೆಚ್ಚಾಗಿ ಆದ ಖರ್ಚಿಗೆ ಮಂಜೂರಾತಿ. ಆಗಿಹೋದ ಖರ್ಚಿಗೆ ಈಗ ಒಪ್ಪಿಗೆ ಕೇಳಿ ಏನು ಪ್ರಯೋಜನ ಎಂದು ಇದನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಡುತ್ತಾರೆ. ಆದರೆ ಬಜೆಟ್‌ಗೆ ಬೆಲೆ ಬರುವುದು ಈ ವಿಷಯದಿಂದಲೇ. ಕಾನೂನು ವೆಚ್ಚಕ್ಕೆ 50 ಸಾವಿರ ಇಟ್ಟು ಒಂದು ಲಕ್ಷ ಹತ್ತು ಸಾವಿರ ಖರ್ಚಾಗಿದ್ದರೆ, ಸುಸ್ತಿದಾರರ ಮೇಲೆ ಎಷ್ಟು ದಾವೆ ಹೂಡಲಾಯಿತು, ಅದರಿಂದ ಎಷ್ಟು ವಸೂಲಾಯಿತು ಎಂದು ಹೇಳಿದರೆ ಸದಸ್ಯರು ಸಂತೋಷದಿಂದಲೇ ಒಪ್ಪುತ್ತಾರೆ. ನಿರ್ದೇಶಕರ ಅಧ್ಯಯನ ಪ್ರವಾಸದ ಬಾಬ್ತು ದುಪ್ಪಟ್ಟಾಗಿದ್ದರೆ ಅದಕ್ಕೂ ಅಷ್ಟೇ ಬಿಡಿಸಿ ಉತ್ತರ ಕೊಡಬೇಕಾಗುತ್ತದೆ.

ಮಾತು ಮುಗಿದ ಮೇಲೆ ಚರ್ಚೆ. ಸಹಕಾರ ಸಂಘದಲ್ಲಿ ಒಂದು ಷೇರು ಇದ್ದವರಿಗೂ ನೂರು ಷೇರು ಇದ್ದವರಿಗೂ ಒಂದೇ ಮತ. ಆದ್ದರಿಂದ ಯಾರ ಪ್ರಶ್ನೆಯನ್ನೂ ಷೇರಿನ ಲೆಕ್ಕದಲ್ಲಿ ತೂಗುವಂತಿಲ್ಲ. ಉತ್ತರ ತಕ್ಷಣ ಕೈಯಲ್ಲಿಲ್ಲದಿದ್ದರೆ ಸಿಬ್ಬಂದಿಯಿಂದ ಖಾತೆ ಪುಸ್ತಕ ತರಿಸಿ ನೋಡಿ ಹೇಳುವುದೇ ಸರಿ. ಅಂದಾಜಿನ ಉತ್ತರ ಕೊಟ್ಟು ಮುಂದಿನ ವರ್ಷ ಅದಕ್ಕೆ ಸಿಕ್ಕಿಬಿದ್ದ ಖಜಾಂಚಿಗಳಿದ್ದಾರೆ. ಯಾವುದಾದರೂ ಬಾಬ್ತು ಹೆಚ್ಚಾಯಿತು ಎನ್ನಿಸಿದರೆ ಅದನ್ನು ಇಳಿಸಬೇಕೆಂದು ಸದಸ್ಯರು ತಿದ್ದುಪಡಿ ಸೂಚಿಸಬಹುದು. ತಿದ್ದುಪಡಿಯಿದ್ದರೆ ಮೊದಲು ಅದನ್ನು ಮತಕ್ಕೆ ಹಾಕಿ, ಆಮೇಲೆ ಇಡೀ ಆಯವ್ಯಯವನ್ನು ಮತಕ್ಕೆ ಹಾಕುವುದು ಕ್ರಮ. ಹಿಂದಿನಿಂದ ‘ಪಾಸ್, ಪಾಸ್’ ಎಂದು ಕೂಗಿದ್ದನ್ನೇ ಒಪ್ಪಿಗೆಯೆಂದು ಬರೆದುಕೊಂಡರೆ ಮುಂದೆ ತಕರಾರು ಎದ್ದಾಗ ಅದು ನಿಲ್ಲುವುದಿಲ್ಲ. ಸೂಚಕರು ಯಾರು, ಅನುಮೋದಕರು ಯಾರು, ವಿರೋಧಿಸಿದವರಿದ್ದರೆ ಯಾವ ಬಾಬ್ತಿಗೆ ವಿರೋಧ, ಇಷ್ಟೂ ನಡಾವಳಿ ಪುಸ್ತಕಕ್ಕೆ ಹೋಗಬೇಕು.

ಠರಾವಾದ ಮೇಲೆ ಆ ಪತ್ರಿಕೆ ಆಡಳಿತ ಮಂಡಳಿಯ ಕೈ ಹಿಡಿಯುವ ಮಿತಿಯಾಗುತ್ತದೆ. ಪ್ರತಿ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಖಜಾಂಚಿ ಬಾಬ್ತುವಾರು ಮಂಜೂರಾದ ಮೊತ್ತ, ಆ ತಿಂಗಳವರೆಗೆ ಆದ ಖರ್ಚು, ಉಳಿದದ್ದು ಎಷ್ಟು ಎಂಬ ಪಟ್ಟಿ ಇಡಬೇಕು. ಡಿಸೆಂಬರ್ ಹೊತ್ತಿಗೆ ಬಡ್ಡಿಯ ವಸೂಲಿ ಅಂದಾಜಿಗಿಂತ ಹಿಂದೆ ಬಿದ್ದಿದ್ದರೆ, ಮಾರ್ಚ್‌ವರೆಗಿನ ಮೂರು ತಿಂಗಳು ಹೊಸ ಸಾಲ ಕೊಡುವುದನ್ನು ನಿಧಾನ ಮಾಡಿ, ಜಾಮೀನುದಾರರಿಗೆ ನೋಟಿಸು ಕಳಿಸಿ, ಸಿಬ್ಬಂದಿಯನ್ನು ಸುಸ್ತಿದಾರರ ಮನೆಗೆ ಕಳಿಸಲು ಇನ್ನೂ ಕಾಲವಿರುತ್ತದೆ.